ದುಡ್ಡು ಹೋಗಿದೆ, ಪ್ಯಾಕ್ ಬಂದಿಲ್ಲ: ನಿಮ್ಮ ಖಾತೆ ಯಾವ ದೇಶದ್ದು?

ಕಳೆದ ಸೆಪ್ಟೆಂಬರಿನ ಒಂದು ಗುರುವಾರ ರಾತ್ರಿ ಟುಬ್ಲಿಯ ನಮ್ಮ ಕಟ್ಟಡದ ಕೆಳಮನೆಯಿಂದ ಫೋನ್ ಬಂತು. ಕರೆ ಮಾಡಿದವರು ಎಸಿ ರಿಪೇರಿ ಕೆಲಸದ ಕುಂದಾಪುರದ ಗೆಳೆಯರು. ರಜೆ ಮುಗಿಸಿ ಊರಿನಿಂದ ಬಂದು ನಾಲ್ಕು ದಿನವಾಗಿತ್ತು. "ದುಡ್ಡು ಎರಡು ಸಲ ಹೋಯ್ತು ಮಾರಾಯ್ರೆ, ಟಿವಿ ಮಾತ್ರ ಪ್ಯಾಕ್ ಮುಗಿದಿದೆ ಅಂತಲೇ ಹೇಳ್ತಾ ಉಂಟು. ಇನ್ನೊಂದು ಸಲ ಕಟ್ಟಿ ನೋಡ್ಲಾ?" ಎಂದು ಕೇಳಿದರು. "ಕಟ್ಟಬೇಡಿ, ನಾವು ಕೆಳಗೆ ಬರ್ತೇವೆ" ಎಂದೆವು.

ಅವರಿಗೆ ಅದು ಬರೀ ಟಿವಿಯ ವಿಷಯವಾಗಿರಲಿಲ್ಲ. ಊರಿನಲ್ಲಿ ಹೆಂಡತಿ ರಾತ್ರಿ ಒಂಬತ್ತೂವರೆಗೆ ನೋಡುವ ಧಾರಾವಾಹಿಯನ್ನು ಇವರು ಇಲ್ಲಿ ಸಂಜೆ ಏಳಕ್ಕೆ ನೋಡುತ್ತಾರೆ. ಎರಡೂವರೆ ಗಂಟೆಯ ವ್ಯತ್ಯಾಸ ಇರುವುದು ಗಡಿಯಾರದಲ್ಲಿ ಮಾತ್ರ, ನೋಡುವುದು ಒಟ್ಟಿಗೇ. ಮುಗಿದ ಕೂಡಲೇ ಫೋನಿನಲ್ಲಿ ಮಾತು. ಎಷ್ಟೋ ವರ್ಷದ ಅಭ್ಯಾಸ ಅದು. ನಾಲ್ಕು ದಿನದಿಂದ ಹೆಂಡತಿ ಕಥೆ ಹೇಳುತ್ತಿದ್ದರು, ಇವರು ಬರೀ ಕೇಳುತ್ತಿದ್ದರು.

ರಜೆಯಿಂದ ಮರಳಿದವರಲ್ಲಿ ಇಂಥ ದೂರನ್ನು ನಾವು ಎಷ್ಟೋ ಸಲ ಕೇಳಿದ್ದೇವೆ. ಹೆಚ್ಚಿನವರು ಆಪ್ ಅಳಿಸಿ ಮತ್ತೆ ಹಾಕುತ್ತಾರೆ, ಟಿವಿ ಆಫ್ ಮಾಡಿ ಆನ್ ಮಾಡುತ್ತಾರೆ, ಕೊನೆಗೆ ಮತ್ತೆ ದುಡ್ಡು ಕಟ್ಟುತ್ತಾರೆ. ತಪ್ಪು ಇರುವುದು ಬಹುಪಾಲು ಆಪ್‌ನಲ್ಲೂ ಅಲ್ಲ, ಟಿವಿಯಲ್ಲೂ ಅಲ್ಲ. ದುಡ್ಡು ಕಟ್ಟಿದ ಖಾತೆ ಒಂದು, ನೋಡುವ ಖಾತೆ ಇನ್ನೊಂದು. ಅಥವಾ ಪ್ಯಾಕಿನ ದೇಶ ಒಂದು, ನಾವು ಕೂತ ದೇಶ ಇನ್ನೊಂದು. ಆ ರಾತ್ರಿಯ ಪ್ರಕರಣದಲ್ಲಿ ಎರಡೂ ಇದ್ದವು. ಆದ್ದರಿಂದ ಅದನ್ನೇ ಹಂತ ಹಂತವಾಗಿ ಇಲ್ಲಿ ಬರೆಯುತ್ತಿದ್ದೇವೆ.

ಮೊದಲು ಕೇಳಬೇಕಾದ್ದು: ಯಾವ ಪರದೆ, ಯಾವ ಮಾತು?

ಆಸ್ಪತ್ರೆಯ ಔಷಧ ಕೌಂಟರಿನಲ್ಲಿ ಚೀಟಿ ಕೈಗೆ ಬಂದರೆ ನಾವು ಮೊದಲು ನೋಡುವುದು ಔಷಧದ ಹೆಸರನ್ನಲ್ಲ, ರೋಗಿಯ ಹೆಸರನ್ನು. ಇಲ್ಲಿಯೂ ಅದೇ ಕ್ರಮ. ಆಪ್ ಯಾರ ಹೆಸರಿನಲ್ಲಿ ತೆರೆದಿದೆ ಎಂಬುದೇ ಮೊದಲ ಪ್ರಶ್ನೆ.

ಗೆಳೆಯರ ಫೋನಿನಲ್ಲಿ ಆಪ್‌ನ ಖಾತೆ ಪುಟ ತೆರೆದೆವು. ಮೇಲೆ ಇದ್ದ ನಂಬರ್ +973ರಿಂದ ಶುರುವಾಗುತ್ತಿತ್ತು, ಅಂದರೆ ಬಹರೈನಿನ ಸಿಮ್. ಟಿವಿಯಲ್ಲೂ ಅದೇ ನಂಬರ್. ಎರಡರಲ್ಲೂ Expired ಎಂದಿತ್ತು. "ಊರಿನಲ್ಲಿ ಪ್ಯಾಕ್ ಹಾಕಿದ್ದು ಯಾವ ನಂಬರಿಗೆ?" ಎಂದು ಕೇಳಿದೆವು. ಸ್ವಲ್ಪ ಯೋಚಿಸಿ, "ಊರಿನ ನಂಬರಿಗೆ. ಹೊಸ ಫೋನ್ ತಕೊಂಡಿದ್ದೆ, ಊರಿನ ಸಿಮ್ಮೇ ಹಾಕಿದ್ದೆ" ಎಂದರು.

ಅರ್ಧ ಗಂಟು ಅಲ್ಲೇ ಬಿಚ್ಚಿತು. ಆಪ್‌ನ ಲೆಕ್ಕದಲ್ಲಿ +91 ನಂಬರಿನವರು ಒಬ್ಬರು, +973 ನಂಬರಿನವರು ಬೇರೊಬ್ಬರು. ಎರಡೂ ಒಬ್ಬರದೇ ಎಂದು ಅದಕ್ಕೆ ಗೊತ್ತಾಗುವುದಿಲ್ಲ. ಹಿಂದಿನ ವರ್ಷ ಇಲ್ಲಿಂದಲೇ ಬಹರೈನ್ ನಂಬರಿಗೆ ಹಾಕಿದ್ದ ವರ್ಷದ ಪ್ಯಾಕ್ ರಜೆಯ ನಡುವೆ ಮುಗಿದಿತ್ತು. ಟಿವಿ ಹೇಳುತ್ತಿದ್ದುದು ಸುಳ್ಳಲ್ಲ. ಆ ಖಾತೆಯ ಪ್ಯಾಕ್ ನಿಜವಾಗಿಯೂ ಮುಗಿದಿತ್ತು.

ಫೋನಿನ ಆಪ್‌ನಿಂದ ಹೊರಬಂದು ಊರಿನ ನಂಬರಿನಿಂದ ಒಳಗೆ ಹೋದೆವು. ಊರಿನ ಸಿಮ್‌ಗೆ ಅವರು ರೋಮಿಂಗ್ ಹಾಕಿಸಿ ತಂದಿದ್ದರಿಂದ ಓಟಿಪಿ ಬಂತು. ಸಿಮ್ ಮನೆಯಲ್ಲಿ ಬಿಟ್ಟು ಬಂದವರು ಈ ಹೊತ್ತಿನಲ್ಲಿ ಮನೆಯವರಿಗೇ ಫೋನ್ ಮಾಡಿ ಕೇಳಬೇಕು. ಒಳಗೆ ಹೋದ ಮೇಲೆ ಖಾತೆ ಪುಟದಲ್ಲಿ Active ಎಂದಿತ್ತು, ಮುಂದಿನ ಆಗಸ್ಟಿನವರೆಗೆ. ಗೆಳೆಯರ ಮುಖ ಅರಳಿತು. ಆದರೆ ಧಾರಾವಾಹಿ ಒತ್ತಿದ ಕೂಡಲೇ, ಈ ಕಾರ್ಯಕ್ರಮ ನೀವಿರುವ ಪ್ರದೇಶದಲ್ಲಿ ಲಭ್ಯವಿಲ್ಲ ಎಂಬ ಸಾಲು ಬಂತು.

ಈ ಎರಡು ಮಾತುಗಳ ವ್ಯತ್ಯಾಸವನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ದುಡ್ಡು ಕಟ್ಟಿದ ಮೇಲೂ 'ಮುಗಿದಿದೆ' ಎಂದರೆ ಹೆಚ್ಚಾಗಿ ಖಾತೆ ತಪ್ಪಿದೆ. 'ನಿಮ್ಮ ಪ್ರದೇಶದಲ್ಲಿ ಇಲ್ಲ' ಎಂದರೆ ಖಾತೆ ಸರಿ ಇದೆ, ದೇಶ ತಪ್ಪಿದೆ. ಗೆಳೆಯರು ಮೊದಲ ದಿನವೇ ಎರಡನೆಯ ಮಾತನ್ನು ಫೋನಿನಲ್ಲಿ ನೋಡಿದ್ದರಂತೆ. ಟಿವಿಯಲ್ಲಿ ಬೇರೆ ಮಾತು ಕಂಡು, ಎರಡೂ ಒಂದೇ ಎಂದುಕೊಂಡು, ಫೋನನ್ನೂ ಬಹರೈನ್ ನಂಬರಿಗೆ ಬದಲಿಸಿ ಎರಡನೆಯ ಸಲ ದುಡ್ಡು ಕಟ್ಟಲು ಹೋಗಿದ್ದರು.

ಊರಿನ ಪ್ಯಾಕ್ ಇಲ್ಲಿ ಯಾಕೆ ಓಡುವುದಿಲ್ಲ?

"ದುಡ್ಡು ಕೊಟ್ಟದ್ದು ನಾನು, ನೋಡುವವನೂ ನಾನು. ಎಲ್ಲಿ ಕೂತರೇನು?" ಎಂದು ಗೆಳೆಯರು ಕೇಳಿದ್ದು ನ್ಯಾಯವೇ. ಆದರೆ ಧಾರಾವಾಹಿ, ಸಿನಿಮಾ, ಕ್ರಿಕೆಟ್ ಇವುಗಳ ಪ್ರಸಾರದ ಹಕ್ಕು ಮಾರಾಟವಾಗುವುದು ದೇಶವಾರು. ಭಾರತದ ಹಕ್ಕು ಒಬ್ಬರ ಬಳಿ, ಕೊಲ್ಲಿಯ ಹಕ್ಕು ಬೇರೊಬ್ಬರ ಬಳಿ ಇರಬಹುದು. ಹಾಗಾಗಿ ರೂಪಾಯಿಯಲ್ಲಿ ಕೊಂಡ ಅಗ್ಗದ ಪ್ಯಾಕಿಗೆ ಅನೇಕ ಕಡೆ ಭಾರತದೊಳಗೆ ಮಾತ್ರ ಎಂಬ ಷರತ್ತು ಇರುತ್ತದೆ. ಅದು ಕಾಣುವುದು ಸಣ್ಣ ಅಕ್ಷರದಲ್ಲಿ.

ಯುರೋಪಿಯನ್ ಒಕ್ಕೂಟದಲ್ಲಿ 2018ರ ಏಪ್ರಿಲ್ 1ರಿಂದ ಒಂದು ನಿಯಮವಿದೆ. ಅಲ್ಲಿನ ಒಂದು ದೇಶದವರು ಒಕ್ಕೂಟದ ಇನ್ನೊಂದು ದೇಶಕ್ಕೆ ತಾತ್ಕಾಲಿಕವಾಗಿ ಹೋದಾಗ, ದುಡ್ಡು ಕೊಟ್ಟು ಕೊಂಡ ಪ್ಯಾಕನ್ನು ಅಲ್ಲಿಯೂ ನೋಡಬಹುದು. ಭಾರತಕ್ಕೂ ಕೊಲ್ಲಿಗೂ ನಡುವೆ ಅಂಥ ನಿಯಮವಿಲ್ಲ. ಆದ್ದರಿಂದ ಕೊಳ್ಳುವ ಮೊದಲೇ ನೋಡಿಕೊಳ್ಳುವುದು ನಮ್ಮ ಪಾಲಿಗೆ ಬಿದ್ದ ಕೆಲಸ.

ಎರಡನೆಯ ದುಡ್ಡು ಎಲ್ಲಿ ಹೋಯಿತು?

ಮೊದಲ ದುಡ್ಡಿನ ಕಥೆ ಗೊತ್ತಾಯಿತು. ಎರಡನೆಯದು? ಗೆಳೆಯರು ಬ್ಯಾಂಕಿನ ಎಸ್ಸೆಮ್ಮೆಸ್ ತೋರಿಸಿದರು. ಮೂರು ದಿನಾರ್ ಚಿಲ್ಲರೆ ಹೋಗಿದೆ ಎಂದಿತ್ತು. ಬಹರೈನ್ ನಂಬರಿನ ಖಾತೆಯಲ್ಲಿ ನಿಂತು, ಆಂಡ್ರಾಯ್ಡ್ ಫೋನಿನ ಪ್ಲೇ ಸ್ಟೋರ್ ಮೂಲಕ, ಇಲ್ಲಿಯ ಡೆಬಿಟ್ ಕಾರ್ಡಿನಿಂದ ಕಟ್ಟಿದ್ದರು. ಆಗ ಪ್ಯಾಕಿನ ಬೆಲೆ ಯಾವುದರಲ್ಲಿ ಕಂಡಿತು ಎಂದು ಕೇಳಿದೆವು. "ರೂಪಾಯಿಯಲ್ಲಿ, 699" ಎಂದರು.

ಬಹರೈನಿನಲ್ಲಿ ಕೂತವರಿಗೆ ಬೆಲೆ ರೂಪಾಯಿಯಲ್ಲಿ ಕಂಡರೆ ಅಲ್ಲೇ ನಿಲ್ಲಬೇಕು. ಬೆಲೆಯ ಪಕ್ಕದ ಗುರುತೇ ಆ ಅಂಗಡಿ ನಿಮ್ಮನ್ನು ಯಾವ ದೇಶದವರೆಂದು ತಿಳಿದಿದೆ ಎಂಬುದರ ಗುರುತು. ಪ್ಲೇ ಸ್ಟೋರ್ ಬೆಲೆ ತೋರಿಸುವುದು ಆ ಗೂಗಲ್ ಖಾತೆಯಲ್ಲಿ ದಾಖಲಾದ ದೇಶದ ಪ್ರಕಾರ. ಗೆಳೆಯರ ಜಿಮೇಲ್ ಊರಿನಲ್ಲಿ ಮಾಡಿದ್ದು, ಅದರ ದೇಶ ಭಾರತ. ಕಾರ್ಡ್ ಮಾತ್ರ ಬಹರೈನಿನದು. ಕಾರ್ಡಿನ ಮೊದಲ ಕೆಲವು ಅಂಕಿಗಳಿಂದಲೇ ಅದನ್ನು ಕೊಟ್ಟ ಬ್ಯಾಂಕ್ ಯಾವುದು, ದೇಶ ಯಾವುದು ಎಂದು ಅಂಗಡಿಗೆ ತಿಳಿಯುತ್ತದೆ. ಎರಡೂ ಹೊಂದದಿದ್ದರೆ ವ್ಯಾಪಾರ ಅರ್ಧದಲ್ಲಿ ನಿಲ್ಲಬಹುದು.

ಹಾಗಾದರೆ ಎಸ್ಸೆಮ್ಮೆಸ್ ಯಾಕೆ ಬಂತು? ಕಾರ್ಡಿನ ವ್ಯವಹಾರದಲ್ಲಿ ಎರಡು ಹೆಜ್ಜೆಗಳಿವೆ. ಮೊದಲು ಅಂಗಡಿ ಕೇಳಿದಷ್ಟು ಮೊತ್ತವನ್ನು ಬ್ಯಾಂಕ್ ನಿಮ್ಮ ಖಾತೆಯಲ್ಲಿ ಕಟ್ಟಿ ಇಡುತ್ತದೆ. ಆಗಲೇ ಎಸ್ಸೆಮ್ಮೆಸ್ ಬರುತ್ತದೆ, ಬಾಕಿ ಕಡಿಮೆ ಕಾಣುತ್ತದೆ. ಆಮೇಲೆ ಅಂಗಡಿ ವ್ಯಾಪಾರ ಪೂರ್ಣ ಮಾಡಿದರೆ ಮಾತ್ರ ಆ ಹಣ ಅದಕ್ಕೆ ಸೇರುತ್ತದೆ. ಪೂರ್ಣ ಮಾಡದಿದ್ದರೆ ಕೆಲವು ದಿನದಲ್ಲಿ ಕಟ್ಟು ಬಿಚ್ಚಿ ಹಣ ವಾಪಸ್ ಕಾಣುತ್ತದೆ. ಅಂದರೆ ಬ್ಯಾಂಕಿನ ಎಸ್ಸೆಮ್ಮೆಸ್ ರಸೀದಿ ಅಲ್ಲ. ಅಂಗಡಿ ಕೊಡುವ ಆರ್ಡರ್ ನಂಬರೇ ರಸೀದಿ.

ಪ್ಲೇ ಸ್ಟೋರಿನ ರಸೀದಿ ಇಮೇಲಿನಲ್ಲಿ ಬರುತ್ತದೆ. ಅದರ ನಂಬರ್ GPA ಎಂಬ ಅಕ್ಷರಗಳಿಂದ ಶುರುವಾಗುತ್ತದೆ. ಆಪಲ್ ರಸೀದಿಯಲ್ಲಿ Order ID ಎಂದಿರುತ್ತದೆ. ಗೆಳೆಯರ ಜಿಮೇಲಿನಲ್ಲಿ GPA ಎಂದು ಹುಡುಕಿದರೆ ಆ ದಿನದ ಯಾವ ರಸೀದಿಯೂ ಇರಲಿಲ್ಲ. ಫೋನಿನಲ್ಲಿ ಬೇರೆ ಜಿಮೇಲ್ ಇದೆಯೇ ಎಂದೂ ನೋಡಿದೆವು. ಒಂದೇ ಫೋನಿನಲ್ಲಿ ಎರಡು ಮೂರು ಜಿಮೇಲ್ ಇದ್ದರೆ ರಸೀದಿ ಇನ್ನೊಂದರಲ್ಲಿ ಅಡಗಿರುವುದುಂಟು. ಇವರದು ಒಂದೇ. ಪ್ಲೇ ಸ್ಟೋರಿನ ಲೆಕ್ಕದ ಪುಟದಲ್ಲೂ ಆ ಪ್ಯಾಕಿನ ಸಾಲು ಇರಲಿಲ್ಲ. "ನಿಮ್ಮ ದುಡ್ಡು ಹೋಗಿಲ್ಲ, ಬ್ಯಾಂಕಿನಲ್ಲೇ ಕಟ್ಟಿಹಾಕಿದ ಹಾಗೆ ಉಂಟು. ಒಂದೆರಡು ವಾರ ಕಾಯಿರಿ, ಬಾರದಿದ್ದರೆ ಬ್ಯಾಂಕಿಗೆ ಹೇಳುವ" ಎಂದೆವು. ಎಂಟನೆಯ ದಿನ ಅಷ್ಟೂ ಹಣ ಖಾತೆಯಲ್ಲಿ ಮತ್ತೆ ಕಂಡಿತು.

ಅವರು ಮೂರನೆಯ ಸಲವೂ ಹಾಗೆಯೇ ಕಟ್ಟಿದ್ದರೆ ಇನ್ನೊಂದು ಮೂರು ದಿನಾರ್ ಅದೇ ರೀತಿ ಸಿಕ್ಕಿಬೀಳುತ್ತಿತ್ತು.

ದೇಶ ಎಲ್ಲಿ ಬರೆದಿರುತ್ತದೆ?

ಆಂಡ್ರಾಯ್ಡ್ ಫೋನಿನಲ್ಲಿ ಪ್ಲೇ ಸ್ಟೋರ್ ತೆರೆದು ಮೇಲಿನ ನಿಮ್ಮ ಚಿತ್ರ ಒತ್ತಿ. ಅಲ್ಲಿಂದ ಹೀಗೆ ಹೋಗಿ:

```
Settings > General > Account and device preferences
  > Country and profiles
Payments & subscriptions > Subscriptions
Payments & subscriptions > Budget & history
```

ಮೊದಲನೆಯದರಲ್ಲಿ ನಿಮ್ಮ ಪ್ಲೇ ಖಾತೆಯ ದೇಶ ಕಾಣುತ್ತದೆ. ಎರಡನೆಯದರಲ್ಲಿ ಈ ಜಿಮೇಲಿನಿಂದ ಕೊಂಡ ಪ್ಯಾಕುಗಳು, ಮೂರನೆಯದರಲ್ಲಿ ಕೊಂಡದ್ದರ ಲೆಕ್ಕ.

ಐಫೋನಿನಲ್ಲಿ Settings ತೆರೆದು ಮೇಲಿನ ನಿಮ್ಮ ಹೆಸರು ಒತ್ತಿ. ಅಲ್ಲಿಂದ:

```
Media & Purchases > View Account > Country/Region
Subscriptions
```

ದೇಶ ಭಾರತ ಎಂದು ಕಂಡ ಕೂಡಲೇ ಬದಲಿಸಲು ಹೋಗಬೇಡಿ. ಪ್ಲೇ ಸ್ಟೋರಿನಲ್ಲಿ ದೇಶ ಬದಲಿಸಿದರೆ ಮತ್ತೆ ಬದಲಿಸಲು ಒಂದು ವರ್ಷ ಕಾಯಬೇಕು. ಹಳೆಯ ದೇಶದ ಪ್ಲೇ ಬ್ಯಾಲೆನ್ಸ್ ಹೊಸ ದೇಶದಲ್ಲಿ ನಡೆಯುವುದಿಲ್ಲ. ಊರಿನ ಕೆಲವು ಆಪ್‌ಗಳು ಬಹರೈನಿನ ಅಂಗಡಿಯಲ್ಲಿ ಸಿಗದೆ ಹೋಗಬಹುದು. ಊರಿನ ಬ್ಯಾಂಕ್ ಆಪ್ ಬಳಸುವವರು ಇದನ್ನು ಎರಡು ಸಲ ಯೋಚಿಸಬೇಕು. ಆಪಲ್‌ನಲ್ಲಿ ದೇಶ ಬದಲಿಸುವ ಮೊದಲು ಉಳಿದ ಬ್ಯಾಲೆನ್ಸ್ ಖರ್ಚು ಮಾಡಬೇಕು, ನಡೆಯುತ್ತಿರುವ ಪ್ಯಾಕುಗಳನ್ನು ರದ್ದು ಮಾಡಿ ಅವುಗಳ ಅವಧಿ ಮುಗಿಯುವವರೆಗೆ ಕಾಯಬೇಕು. ಒಂದು ಧಾರಾವಾಹಿಗಾಗಿ ಇಷ್ಟೆಲ್ಲ ಮಾಡಬೇಕಾಗಿಲ್ಲ. ಸುಲಭದ ದಾರಿ ಬೇರೆ ಇದೆ.

ಗೆಳೆಯರು ಮಾಡಿದ್ದು

ಆ ರಾತ್ರಿ ನಾವು ಪ್ಲೇ ಸ್ಟೋರನ್ನು ಬಿಟ್ಟೇ ಬಿಟ್ಟೆವು. ಫೋನಿನ ಬ್ರೌಸರಿನಲ್ಲಿ ಆ ಸೇವೆಯ ವೆಬ್‌ಸೈಟ್ ತೆರೆದೆವು. ಅದಕ್ಕೆ ಮೊದಲು ಫೋನಿನಲ್ಲಿ ವಿಪಿಎನ್ ಇದೆಯೇ ಎಂದು ನೋಡಿದೆವು. ಮನೆಯವರ ಜೊತೆ ವಿಡಿಯೋ ಕಾಲಿಗೆಂದು ಹಾಕಿದ ವಿಪಿಎನ್ ಆನ್ ಆಗಿಯೇ ಇದ್ದರೆ ವೆಬ್‌ಸೈಟಿಗೆ ನೀವು ಬೇರೆಲ್ಲೋ ಇದ್ದ ಹಾಗೆ ಕಾಣುತ್ತದೆ, ಆ ದೇಶದ ಪ್ಯಾಕನ್ನೇ ಮಾರುತ್ತದೆ. ಇವರ ಫೋನಿನಲ್ಲೂ ಆನ್ ಇತ್ತು. ಆಫ್ ಮಾಡಿ ಪುಟ ಮತ್ತೆ ತೆರೆದಾಗ ಬೆಲೆ ಡಾಲರಿನಲ್ಲಿ ಬಂತು. ಅಂದರೆ ಇದು ಭಾರತದ ಪ್ಯಾಕ್ ಅಲ್ಲ. ಬಹರೈನಿನಲ್ಲಿ ನಡೆಯುತ್ತದೆ ಎಂದು ಪ್ಯಾಕಿನ ವಿವರದಲ್ಲೂ ಓದಿ ಖಚಿತ ಮಾಡಿಕೊಂಡೆವು.

ಇಲ್ಲಿ ಒಂದು ಕಹಿ ಲೆಕ್ಕ ಇದೆ. ವರ್ಷದ ಪ್ಯಾಕಿಗೆ 30 ಡಾಲರ್. ಡಾಲರಿಗೆ 0.376 ದಿನಾರಿನ ನಿಗದಿ ದರದಲ್ಲಿ ಅದು 11 ದಿನಾರ್ 280 ಫಿಲ್ಸ್. ಅದರ ಮೇಲೆ ಬ್ಯಾಂಕ್ ಹೊರದೇಶದ ವ್ಯವಹಾರದ ಶುಲ್ಕ ಸೇರಿಸಬಹುದು. ಊರಿನ 699 ರೂಪಾಯಿ ಎಂದರೆ ಸುಮಾರು ಮೂರು ದಿನಾರ್. ಹೆಚ್ಚುಕಡಿಮೆ ನಾಲ್ಕು ಪಟ್ಟು. ಜನ ಊರಿನಲ್ಲೇ ಪ್ಯಾಕ್ ಹಾಕಿಸಿಕೊಂಡು ಬರುವುದು ಯಾಕೆಂದು ನಮಗೂ ಗೊತ್ತು. ಆದರೆ ಇಲ್ಲಿ ಓಡದ ಪ್ಯಾಕ್ ಮೂರು ದಿನಾರಿಗೂ ದುಬಾರಿಯೇ.

ಗೆಳೆಯರು ವರ್ಷದ್ದು ಬೇಡ ಎಂದು ತಿಂಗಳ ಪ್ಯಾಕ್ ತೆಗೆದುಕೊಂಡರು. ಟಿವಿಯಲ್ಲಿರುವ ಅದೇ +973 ನಂಬರಿನಿಂದ ಒಳಗೆ ಹೋಗಿ, ಬಹರೈನ್ ಕಾರ್ಡಿನಿಂದ ಕಟ್ಟಿದರು. ಖಾತೆಯ ದೇಶ, ಕಾರ್ಡಿನ ದೇಶ, ಕೂತ ದೇಶ ಮೂರೂ ಒಂದೇ. ರಸೀದಿ ತಕ್ಷಣ ಇಮೇಲಿಗೆ ಬಂತು. ಟಿವಿಯಲ್ಲಿ ಒಮ್ಮೆ ಹೊರಬಂದು ಮತ್ತೆ ಒಳಗೆ ಹೋದಾಗ ಧಾರಾವಾಹಿ ಓಡಿತು.

ಊರಿನ ಪ್ಯಾಕ್ ಏನಾಯಿತು? ಅದಕ್ಕೆ ಹಣ ವಾಪಸ್ ಕೇಳಿದರೆ, ಪ್ಯಾಕ್ ಭಾರತದಲ್ಲಿ ಚಾಲ್ತಿಯಲ್ಲಿದೆ, ಆಗುವುದಿಲ್ಲ ಎಂಬ ಉತ್ತರ ಬಂತು. ಊರಿನ ನಂಬರಿನಿಂದ ಹೆಂಡತಿಯ ಫೋನಿನಲ್ಲಿ ಒಳಗೆ ಹೋಗುವಂತೆ ಮಾಡಿಕೊಟ್ಟೆವು. ಓಟಿಪಿಯನ್ನು ಗೆಳೆಯರೇ ಇಲ್ಲಿಂದ ಓದಿ ಹೇಳಿದರು. ಕೇಬಲ್ ಹೋದ ದಿನ ಈಗ ಅವರು ಅದರಲ್ಲೇ ನೋಡುತ್ತಾರೆ.

ರಸೀದಿ ಇದ್ದೂ ಪ್ಯಾಕ್ ಬಾರದಿದ್ದರೆ

ಇವರ ಹಾಗಲ್ಲದೆ, GPA ನಂಬರಿನ ರಸೀದಿ ಕೈಯಲ್ಲಿದ್ದೂ ಆಪ್ Expired ಎನ್ನುವುದುಂಟು. ಆಗ ದುಡ್ಡು ಕಟ್ಟಿದ ಜಿಮೇಲ್ ಪ್ಲೇ ಸ್ಟೋರಿನಲ್ಲಿ ತೆರೆದಿರಲಿ, ದುಡ್ಡು ಕಟ್ಟುವಾಗ ಇದ್ದ ನಂಬರಿನಿಂದಲೇ ಆಪ್‌ನ ಒಳಗೆ ಹೋಗಿ. ಆಪ್‌ನಲ್ಲಿ Restore purchase ಎಂಬ ಗುಂಡಿ ಇದ್ದರೆ ಒತ್ತಿ. ಪ್ಲೇ ಸ್ಟೋರ್ ದುಡ್ಡು ಪಡೆದರೂ ಆ ಸುದ್ದಿ ಆಪ್‌ನವರ ಲೆಕ್ಕಕ್ಕೆ ತಲುಪದೆ ಇದ್ದಾಗ ಹೀಗಾಗುತ್ತದೆ. ಮಾರಾಟವನ್ನು ಮೂರು ದಿನದೊಳಗೆ ಆಪ್ ಒಪ್ಪಿ ದಾಖಲಿಸದಿದ್ದರೆ ಗೂಗಲ್ ತಾನಾಗಿಯೇ ಅದನ್ನು ರದ್ದು ಮಾಡಿ ಹಣ ಮರಳಿಸುತ್ತದೆ. ಹಾಗಾಗಿ ಮೂರು ದಿನದೊಳಗೆ ಮತ್ತೆ ಕಟ್ಟುವ ಅವಸರ ಬೇಡ.

ಅದಕ್ಕೂ ಸರಿಹೋಗದಿದ್ದರೆ ಆಪ್‌ನ ಒಳಗಿರುವ ಸಹಾಯ ಪುಟದಿಂದಲೇ ಬರೆಯಿರಿ. ಆಪಲ್ ಮೂಲಕ ಕೊಂಡದ್ದಾದರೆ reportaproblem.apple.com ನಲ್ಲಿ ಹಣ ವಾಪಸ್ ಕೇಳಬಹುದು. ಆರ್ಡರ್ ನಂಬರ್, ಕಟ್ಟಿದ ದಿನ, ಮೊತ್ತ ಮತ್ತು ಅದು ಯಾವ ನಾಣ್ಯದಲ್ಲಿ, ಕಾರ್ಡಿನ ಕೊನೆಯ ನಾಲ್ಕು ಅಂಕಿ, ಆಪ್‌ನ ಒಳಗೆ ಹೋಗುವ ನಂಬರ್, ಈಗ ನೀವಿರುವ ದೇಶ, ಪರದೆಯ ಚಿತ್ರ, ಇಷ್ಟು ಸಾಕು. ಇಡೀ ಕಾರ್ಡ್ ನಂಬರ್, ಹಿಂದಿನ ಮೂರು ಅಂಕಿ, ಓಟಿಪಿ ಯಾರಿಗೂ ಕೊಡಬೇಡಿ. ನಾವು ಕೆಳಗೆ ಹೋಗುವ ಮೊದಲು ಗೆಳೆಯರು ಹುಡುಕಾಟದಲ್ಲಿ ಸಿಕ್ಕ ಒಂದು 'ಕಸ್ಟಮರ್ ಕೇರ್' ನಂಬರಿಗೆ ಕರೆ ಮಾಡಿದ್ದರು. ಆ ಕಡೆಯವನು ಹಣ ವಾಪಸ್ ಹಾಕಲು ಓಟಿಪಿ ಹೇಳಿ ಎಂದನಂತೆ. ಹಣ ವಾಪಸ್ ಬರಲು ಓಟಿಪಿ ಬೇಕಾಗುವುದಿಲ್ಲ. ಇವರು ಫೋನ್ ಇಟ್ಟದ್ದು ಪುಣ್ಯ. ಅಲ್ಲಿ ಹೋಗುತ್ತಿದ್ದದ್ದು ಮೂರು ದಿನಾರ್ ಅಲ್ಲ, ತಿಂಗಳ ಸಂಬಳ.

ರಜೆಗೆ ಹೋಗುವವರಿಗೆ ಒಂದು ಮಾತು

ಊರಿನಲ್ಲಿ ಯುಪಿಐ ಮೂಲಕ ಪ್ಯಾಕ್ ಹಾಕಿಸಿದರೆ ಜೊತೆಗೇ ಆಟೋಪೇ ಒಪ್ಪಿಗೆಯೂ ಸೇರಿಕೊಂಡಿರಬಹುದು. ಮುಂದಿನ ವರ್ಷ ನೀವು ಟುಬ್ಲಿಯಲ್ಲಿದ್ದಾಗ ಊರಿನ ಖಾತೆಯಿಂದ ಹಣ ತಾನಾಗಿ ಹೋಗುತ್ತದೆ. ಹೋಗುವ ಮುನ್ನ ಬರುವ ಸೂಚನೆ ಊರಿನ ಸಿಮ್‌ಗೆ ಬಂದು, ಕಾಣದೇ ಉಳಿಯಬಹುದು. ವಿಮಾನ ಹತ್ತುವ ಮೊದಲು ಯುಪಿಐ ಆಪ್‌ನಲ್ಲಿ Autopay ಎಂಬಲ್ಲಿ ಏನೇನಿದೆ ನೋಡಿ, ಬೇಡದ್ದನ್ನು ರದ್ದು ಮಾಡಿ. ಹೊರದೇಶದ ನಂಬರಿಗೆ ಯುಪಿಐ ಕೊಡಲು 2023ರ ಜನವರಿಯಲ್ಲಿ ಹತ್ತು ದೇಶಗಳ ಪಟ್ಟಿ ಬಂದಾಗ ಒಮಾನ್, ಕತಾರ್, ಸೌದಿ, ಯುಎಇ ಅದರಲ್ಲಿದ್ದವು, ಬಹರೈನ್ ಇರಲಿಲ್ಲ. ಆದ್ದರಿಂದ ಊರಿನ ಸಿಮ್ ಸತ್ತುಹೋದರೆ ಇಲ್ಲಿಂದ ಆ ಒಪ್ಪಿಗೆಯನ್ನು ರದ್ದು ಮಾಡುವುದು ಕಷ್ಟವಾಗುತ್ತದೆ.

ಗೆಳೆಯರು ಈಗ ಟಿವಿಯ ಹಿಂಬದಿಗೆ ಒಂದು ಚೀಟಿ ಅಂಟಿಸಿದ್ದಾರೆ. ಅದರಲ್ಲಿ ಆಪ್‌ನ ಹೆಸರು, +973 ನಂಬರ್, ಕಾರ್ಡಿನ ಕೊನೆಯ ನಾಲ್ಕು ಅಂಕಿ, ಪ್ಯಾಕ್ ಮುಗಿಯುವ ದಿನ ಇಷ್ಟೇ ಬರೆದಿದೆ. ನೋಡಿ ನಮಗೆ ನಗು ಬಂತು, ನಮ್ಮ ಕೌಂಟರಿನ ಔಷಧದ ಲೇಬಲ್ ಹಾಗೆಯೇ ಇತ್ತು. ಮರುದಿನ ನಾವೂ ನಮ್ಮ ಟಿವಿಗೆ ಒಂದು ಅಂಟಿಸಿದೆವು.